ಸ್ಟಾಪ್ ಲಾಸ್ ಇತ್ತು, ಆದರೂ ಗರಿಷ್ಠ ನಷ್ಟಕ್ಕಿಂತ ಜಾಸ್ತಿ ಹೋಯಿತು: ಹೇಗೆ?

ಪ್ರಶ್ನೆ: ನಾನು ಪುಟ್ ಕ್ರೆಡಿಟ್ ಸ್ಪ್ರೆಡ್ ಮಾರುತ್ತೇನೆ. ಬಂದ ಪ್ರೀಮಿಯಂನಷ್ಟು ನಷ್ಟ ಆದ ಕೂಡಲೇ ಹೊರಬರಲು ಸ್ಟಾಪ್ ಇಟ್ಟಿದ್ದೆ. ಮಾರುಕಟ್ಟೆ ಮುಚ್ಚಿದ ಮೇಲೆ ಕಂಪನಿಯ ಬಗ್ಗೆ ಕೆಟ್ಟ ಸುದ್ದಿ ಬಂತು. ಬೆಳಿಗ್ಗೆ ನೋಡಿದರೆ ಪ್ರೀಮಿಯಂನ 5 ಪಟ್ಟು ನಷ್ಟ, ಸ್ಪ್ರೆಡ್‌ನ ಗರಿಷ್ಠ ನಷ್ಟಕ್ಕಿಂತಲೂ ಹೆಚ್ಚು! ಇದು ಬ್ರೋಕರ್ ತಪ್ಪಲ್ವಾ? ಸ್ಟಾಪ್ ಲಿಮಿಟ್ ಇಟ್ಟಿದ್ದರೆ ಉಳಿಯುತ್ತಿದ್ದೆನಾ?

ಉತ್ತರ: ಬ್ರೋಕರ್ ತಪ್ಪು ಅಂತ ಅನಿಸುವುದು ಸಹಜ. ಆದರೆ ನೀವು ಹೇಳಿದ್ದನ್ನು ನೋಡಿದರೆ, ಅವರು ನಿಮ್ಮ ಆರ್ಡರ್ ಹೇಳಿದ ಹಾಗೆಯೇ ನಡೆದುಕೊಂಡಿರುವ ಸಾಧ್ಯತೆ ಜಾಸ್ತಿ. ತೊಂದರೆ ಇರುವುದು ಆ ಆರ್ಡರ್ ಏನು ಹೇಳುತ್ತದೆ ಎನ್ನುವುದರಲ್ಲೇ. ಸ್ಟಾಪ್ ಲಿಮಿಟ್ ಇಟ್ಟಿದ್ದರೆ ನಷ್ಟ ಸ್ವಲ್ಪ ಕಡಿಮೆ ಆಗುತ್ತಿತ್ತೇನೋ, ಆದರೆ ಉಳಿಯುತ್ತಿರಲಿಲ್ಲ. ಒಂದು ಲೆಕ್ಕ ಹಾಕಿಕೊಂಡು ಹೋಗೋಣ. ಅಂಕಿಗಳು ನನ್ನವು, ಆದರೆ ನಿಮ್ಮ ಕಥೆಗೆ ಹತ್ತಿರವೇ ಇವೆ.

ಷೇರು 100ರಲ್ಲಿದೆ ಅಂದುಕೊಳ್ಳಿ. ಎಕ್ಸ್‌ಪೈರಿಗೆ ಸುಮಾರು 3 ವಾರ ಇದೆ. ನೀವು 95ರ ಪುಟ್, ಅಂದರೆ ಷೇರನ್ನು 95ಕ್ಕೆ ಮಾರುವ ಹಕ್ಕನ್ನು, 1.45ಕ್ಕೆ ಮಾರುತ್ತೀರಿ, 90ರ ಪುಟ್ ಅನ್ನು 0.45ಕ್ಕೆ ಕೊಳ್ಳುತ್ತೀರಿ. ಕೈಗೆ ಬಂದದ್ದು 1.00. ಸ್ಟ್ರೈಕ್‌ಗಳ, ಅಂದರೆ 95 ಮತ್ತು 90ರ, ನಡುವಿನ ಅಗಲ 5, ಹಾಗಾಗಿ ಕಾಗದದ ಮೇಲೆ ಗರಿಷ್ಠ ನಷ್ಟ 4.00. 4 ಕಳೆದುಕೊಳ್ಳಲು ಮನಸ್ಸಿಲ್ಲ, ಆದ್ದರಿಂದ ಸ್ಪ್ರೆಡ್‌ನ ಬೆಲೆ 2.00 ಮುಟ್ಟಿದರೆ ವಾಪಸ್ ಕೊಂಡುಬಿಡು ಅಂತ ಸ್ಟಾಪ್ ಇಡುತ್ತೀರಿ. ಇಲ್ಲಿಂದ ಮುಂದೆ ನಿಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಡುತ್ತದೆ: ಬಂದರೆ 1, ಹೋದರೆ 1. ಆ 4 ಅನ್ನುವ ಅಂಕಿ ಬರೀ ಬ್ರೋಕರ್ ಮಾರ್ಜಿನ್ ಲೆಕ್ಕಕ್ಕೆ ಹಾಕಿಕೊಳ್ಳುವ ಅಂಕಿ ಅಂತ ಅನಿಸಲು ಶುರುವಾಗುತ್ತದೆ.

ಒಂದು ವಾರ ಏನೂ ಆಗುವುದಿಲ್ಲ. ಷೇರು ಅಲ್ಲಲ್ಲೇ ಇದೆ. ಎಕ್ಸ್‌ಪೈರಿಗೆ 2 ವಾರ ಇರುವಾಗ ಒಂದು ದಿನ, ಮಾರುಕಟ್ಟೆ ಮುಚ್ಚಿದ ಮೇಲೆ, ಲೆಕ್ಕಪತ್ರದಲ್ಲಿ ಗೋಲ್ಮಾಲ್ ಅಂತಲೋ, ಮುಖ್ಯಸ್ಥರು ದಿಢೀರ್ ರಾಜೀನಾಮೆ ಕೊಟ್ಟರು ಅಂತಲೋ ಸುದ್ದಿ ಬರುತ್ತದೆ. ತ್ರೈಮಾಸಿಕ ಫಲಿತಾಂಶಕ್ಕಾದರೆ ಮೊದಲೇ ದಿನಾಂಕ ಗೊತ್ತಿರುತ್ತದೆ, ಇದಕ್ಕೆ ಅಂಥದ್ದೇನೂ ಇಲ್ಲ. ಮರುದಿನ ಷೇರು ತೆರೆಯುವುದೇ 84ಕ್ಕೆ.

ಈಗ ನಿಮ್ಮ ಸ್ಟಾಪ್ ಏನು ಮಾಡಬೇಕಿತ್ತು ಅಂತ ಯೋಚಿಸಿ. ಸ್ಪ್ರೆಡ್ 2.00 ಆಗಬೇಕಿದ್ದರೆ ಷೇರು 95ರ ಆಸುಪಾಸಿನಲ್ಲಿ ಒಂದು ಕ್ಷಣವಾದರೂ ಇರಬೇಕು, ಆ ಕ್ಷಣದಲ್ಲಿ ಆಪ್ಷನ್ ಮಾರುಕಟ್ಟೆ ತೆರೆದಿರಬೇಕು, ಮತ್ತೆ ಯಾರೋ ಒಬ್ಬರು ನಿಮಗೆ ಆ ಸ್ಪ್ರೆಡ್ ಅನ್ನು 2.00ಕ್ಕೆ ಕೊಡಲು ಸಿದ್ಧ ಇರಬೇಕು. ಮೂರರಲ್ಲಿ ಒಂದೂ ಇರಲಿಲ್ಲ. ಸಾಯಂಕಾಲ 100, ಬೆಳಿಗ್ಗೆ 84. ನಡುವೆ 95 ಅನ್ನುವ ಬೆಲೆ ನಿಮ್ಮ ಆಪ್ಷನ್‌ಗಳ ಪಾಲಿಗೆ ಇರಲೇ ಇಲ್ಲ. ಮೆಟ್ಟಿಲು ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಹಿಡಿದುಕೊಳ್ಳುತ್ತೇನೆ ಅಂದಿದ್ದಿರಿ, ಆದರೆ ಮೆಟ್ಟಿಲೇ ಇರಲಿಲ್ಲ.

ಸ್ಟಾಪ್ ಆರ್ಡರ್ ಅಂದರೆ ಬೆಲೆಯ ಗ್ಯಾರಂಟಿ ಅಲ್ಲ, ಅದು ಒಂದು ಷರತ್ತಿನ ಸೂಚನೆ ಅಷ್ಟೇ. “ಬೆಲೆ 2.00 ಅಥವಾ ಅದಕ್ಕಿಂತ ಮೇಲೆ ಕಂಡರೆ, ಆಗ ಸಿಗುವ ಬೆಲೆಗೆ ಕೊಂಡುಬಿಡು.” ಎರಡನೇ ಅರ್ಧವನ್ನು ಎಲ್ಲರೂ ಮರೆಯುತ್ತಾರೆ. 2.00 ಅನ್ನುವುದು ಆರ್ಡರ್ ಎದ್ದೇಳುವ ಜಾಗ. ಎದ್ದ ಮೇಲೆ ಅದು ಸಾದಾ ಮಾರ್ಕೆಟ್ ಆರ್ಡರ್. ಎಷ್ಟಕ್ಕೆ ಫಿಲ್ ಆಗುತ್ತದೆ ಅನ್ನುವುದಕ್ಕೂ 2.00ಕ್ಕೂ ಯಾವ ಸಂಬಂಧವೂ ಇಲ್ಲ. ಮಾರುಕಟ್ಟೆ ಎಡೆಬಿಡದೆ ನಡೆಯುತ್ತಿರುವಾಗ ಎರಡೂ ಹತ್ತಿರ ಹತ್ತಿರ ಬರುತ್ತವೆ, ಅದಕ್ಕೇ ನಮಗೆ ಎರಡೂ ಒಂದೇ ಅಂತ ಅಭ್ಯಾಸವಾಗಿಬಿಟ್ಟಿರುತ್ತದೆ. ಒಟ್ಟಿನಲ್ಲಿ ಹಗಲಿನ ಅನುಭವವನ್ನು ರಾತ್ರಿಗೂ ಅನ್ವಯಿಸಿದ್ದೀರಿ.

ಸರಿ, ಇಷ್ಟರಿಂದ ನಷ್ಟ 1ರ ಬದಲು 3 ಅಥವಾ 4 ಯಾಕಾಯಿತು ಅನ್ನುವುದು ತಿಳಿಯಿತು. 5 ಹೇಗಾಯಿತು? ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ ಭಾಗ ಇದೇ, ಯಾಕೆಂದರೆ ಇಲ್ಲಿ ಸ್ಟಾಪ್ ಸುಮ್ನೆ ಕೈಕೊಟ್ಟಿದ್ದಲ್ಲ, ಅದು ಇಲ್ಲದ ನಷ್ಟವನ್ನು ಹುಟ್ಟಿಸಿದೆ.

ಷೇರು 84ರಲ್ಲಿ, 2 ವಾರ ಬಾಕಿ, ಸುದ್ದಿಯ ಗಾಬರಿಗೆ ಇಂಪ್ಲೈಡ್ ವೊಲಟಿಲಿಟಿ, ಅಂದರೆ ಷೇರು ಎಷ್ಟು ಏರಿಳಿಯಬಹುದು ಅಂತ ಆಪ್ಷನ್ ಬೆಲೆಗಳು ಹೇಳುವ ಅಂದಾಜು, ಸುಮಾರು 60 ಪರ್ಸೆಂಟ್‌ಗೆ ಏರಿದೆ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ 95ರ ಪುಟ್‌ನ ನ್ಯಾಯವಾದ ಬೆಲೆ ಸುಮಾರು 11.80, 90ರ ಪುಟ್‌ನದು ಸುಮಾರು 7.75. ವ್ಯತ್ಯಾಸ 4.05. ಗಮನಿಸಿ, ಷೇರು ಎರಡೂ ಸ್ಟ್ರೈಕ್‌ಗಿಂತ ಕೆಳಗೆ ಹೋದರೂ ಸ್ಪ್ರೆಡ್ ಪೂರ್ತಿ 5 ಆಗಿಲ್ಲ. ಇನ್ನೂ ಸಮಯ ಇದೆ, ಷೇರು ಒಂದಿಷ್ಟು ಮೇಲೇರುವ ಸಾಧ್ಯತೆಗೂ ಬೆಲೆ ಇದೆ. ಅಂದರೆ ಆ ಬೆಳಿಗ್ಗೆ ನಿಮ್ಮ ನಿಜವಾದ ನಷ್ಟ 3.05.

ಆದರೆ ತೆರೆದ ಮೊದಲ ನಿಮಿಷಗಳಲ್ಲಿ ಪರದೆಯ ಮೇಲೆ 11.80 ಅಂತ ಯಾರೂ ಬರೆದಿರುವುದಿಲ್ಲ. ಕೊಳ್ಳುವ, ಮಾರುವ ಬೆಲೆಗಳನ್ನು ಸದಾ ಹೇಳುತ್ತಾ ಕೂರುವ ಮಾರ್ಕೆಟ್ ಮೇಕರ್‌ಗೂ ಷೇರು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿಲ್ಲ. ಅವರು ಪುಟ್ ಮಾರಿದರೆ ತಮ್ಮ ರಕ್ಷಣೆಗೆ ಷೇರನ್ನು ಮಾರಬೇಕು, ಆ ಷೇರೇ ಕುಣಿಯುತ್ತಿದೆ. ಹಾಗಾಗಿ ಅವರು ತಾವು ಕೊಳ್ಳುವ ಬೆಲೆಯಾದ ಬಿಡ್ ಮತ್ತು ಮಾರುವ ಬೆಲೆಯಾದ ಆಸ್ಕ್ ನಡುವೆ ದೊಡ್ಡ ಅಂತರ ಬಿಟ್ಟು ಕೂರುತ್ತಾರೆ. 95ರ ಪುಟ್: ಬಿಡ್ 10.80, ಆಸ್ಕ್ 12.80. 90ರ ಪುಟ್: ಬಿಡ್ 6.80, ಆಸ್ಕ್ 8.70. ನಿಮ್ಮ ಸ್ಟಾಪ್ ಎದ್ದಿದೆ, ಮಾರ್ಕೆಟ್ ಆರ್ಡರ್ ಆಗಿದೆ, ಅದಕ್ಕೆ ಚೌಕಾಸಿ ಬರುವುದಿಲ್ಲ. 95ರದ್ದನ್ನು 12.80ಕ್ಕೆ ಕೊಂಡಿತು, 90ರದ್ದನ್ನು 6.80ಕ್ಕೆ ಮಾರಿತು. ನೀವು ಕೊಟ್ಟದ್ದು 6.00. ಮೊದಲು ಬಂದ 1.00 ಕಳೆದರೆ ನಷ್ಟ 5.00.

ಎಕ್ಸ್‌ಪೈರಿಯಲ್ಲಿ 5ಕ್ಕಿಂತ ಒಂದು ಪೈಸೆಯಷ್ಟೂ ಹೆಚ್ಚು ಬಾಳಲು ಸಾಧ್ಯವೇ ಇಲ್ಲದ ವಸ್ತುವಿಗೆ ನೀವು 6 ಕೊಟ್ಟಿರಿ. ಷೇರು ಸೊನ್ನೆಗೆ ಹೋದರೂ 95ರ ಪುಟ್ 95, 90ರ ಪುಟ್ 90, ವ್ಯತ್ಯಾಸ 5. ಅಂದರೆ ಏನೂ ಮಾಡದೆ ಕಂಪ್ಯೂಟರ್ ಆರಿಸಿ ಎದ್ದು ಹೋಗಿದ್ದರೂ ಅತಿ ಕೆಟ್ಟ ಸ್ಥಿತಿಯಲ್ಲಿ 4 ಹೋಗುತ್ತಿತ್ತು. ಕಾಪಾಡಲು ಇಟ್ಟ ಆರ್ಡರ್ ಆ 4ಕ್ಕೆ ಇನ್ನೂ 1 ಸೇರಿಸಿತು. ‘ಗರಿಷ್ಠ ನಷ್ಟ 4’ ಅನ್ನುವ ಮಾತು ನಿಜವಾಗುವುದು ನೀವು ಎರಡೂ ಲೆಗ್‌ಗಳನ್ನು, ಅಂದರೆ ಎರಡೂ ಪುಟ್‌ಗಳನ್ನು, ಕೊನೆಯವರೆಗೆ ಹಿಡಿದುಕೊಂಡರೆ ಅಥವಾ 5ಕ್ಕಿಂತ ಕಡಿಮೆಗೆ ಮುಚ್ಚಿದರೆ ಮಾತ್ರ. ಕೆಟ್ಟ ಬೆಲೆಗೆ ಮುಚ್ಚಿದರೆ ಆ ಮಿತಿಯನ್ನು ನೀವೇ ಮುರಿದ ಹಾಗೆ.

ನಾನೂ ಇದನ್ನು ಮಾಡಿದ್ದೇನೆ ಬಿಡಿ. ಶುರುವಿನ ವರ್ಷಗಳಲ್ಲಿ ಒಂದು ಬೆಳಿಗ್ಗೆ ಗಾಬರಿಯಲ್ಲಿ, ಸ್ಟಾಪ್ ಕೂಡ ಅಲ್ಲ, ನನ್ನ ಕೈಯಾರೆ ಮಾರ್ಕೆಟ್ ಆರ್ಡರ್ ಒತ್ತಿದ್ದೆ. ಅದೂ ಎರಡು ಲೆಗ್‌ಗಳನ್ನು ಬೇರೆ ಬೇರೆಯಾಗಿ. ಮೊದಲ ಲೆಗ್ ಕೊಂಡು, ಎರಡನೆಯದನ್ನು ಮಾರುವಷ್ಟರಲ್ಲಿ ಷೇರು ಒಂದೂವರೆ ಪಾಯಿಂಟ್ ಮೇಲೆ ಜಿಗಿದಿತ್ತು, ನನ್ನ ರಕ್ಷಣೆಯ ಪುಟ್‌ನ ಬೆಲೆ ಕರಗಿಹೋಯಿತು. ಅರ್ಧ ಗಂಟೆ ಕಾದಿದ್ದರೆ ಆಗುತ್ತಿದ್ದ ನಷ್ಟದ ಸುಮಾರು ಒಂದೂವರೆ ಪಟ್ಟು ಕಳೆದೆ. ಆಗ ನಾನೂ ಬ್ರೋಕರ್‌ಗೆ ಫೋನ್ ಮಾಡಿ ಜಗಳ ಆಡಿದ್ದೆ!

ಇನ್ನು ಸ್ಟಾಪ್ ಲಿಮಿಟ್ ವಿಷಯ. 2.00ಕ್ಕೆ ಎದ್ದೇಳು, ಆದರೆ 2.20ಕ್ಕಿಂತ ಹೆಚ್ಚು ಕೊಡಬೇಡ ಅಂತ ಇಟ್ಟಿದ್ದಿರಿ ಅನ್ನೋಣ. ಬೆಳಿಗ್ಗೆ ಸ್ಪ್ರೆಡ್ ನೇರವಾಗಿ 4ರ ಮೇಲೆ ತೆರೆಯುತ್ತದೆ. ಆರ್ಡರ್ ಎದ್ದೇಳುತ್ತದೆ, 2.20ಕ್ಕೆ ಕೊಡುವವರನ್ನು ಹುಡುಕುತ್ತದೆ, ಯಾರೂ ಇಲ್ಲ, ಸುಮ್ಮನೆ ಕೂರುತ್ತದೆ. ಷೇರು ಮತ್ತೆ 95ರ ಹತ್ತಿರ ಬಂದರೆ ಮಾತ್ರ ಅದು ಫಿಲ್ ಆದೀತು, ಅಂದರೆ ನಿಮಗೆ ಅದು ಬೇಕಿಲ್ಲದಾಗ. ಇಲ್ಲಿ ಒಂದು ಒಳ್ಳೆಯದು ಅಂದರೆ 6.00 ಕೊಡುವ ಅನಾಹುತ ತಪ್ಪುತ್ತಿತ್ತು. ಆದರೆ ರಾತ್ರಿಯ ನಷ್ಟ ತಪ್ಪುತ್ತಿರಲಿಲ್ಲ, 3.05 ಆಗಲೇ ಆಗಿಹೋಗಿದೆ. ಒಂದು ಆರ್ಡರ್ ಹೊರಬರುವುದನ್ನು ಖಚಿತ ಮಾಡಿ ಬೆಲೆಯನ್ನು ಗಾಳಿಗೆ ಬಿಡುತ್ತದೆ, ಇನ್ನೊಂದು ಬೆಲೆಯನ್ನು ಹಿಡಿದು ಹೊರಬರುವುದನ್ನು ಗಾಳಿಗೆ ಬಿಡುತ್ತದೆ. ಎರಡನ್ನೂ ಕೊಡುವ ಆರ್ಡರ್ ಇಲ್ಲ, ಯಾಕೆಂದರೆ ಅದಕ್ಕೆ ಎದುರಿಗೆ ಒಬ್ಬ ಮನುಷ್ಯ 100 ಮತ್ತು 84ರ ನಡುವಿನ ನಷ್ಟವನ್ನು ತಾನು ಹೊರುತ್ತೇನೆ ಅಂತ ಮೊದಲೇ ಒಪ್ಪಿರಬೇಕು. ಹಾಗೆ ಒಪ್ಪುವವರಿದ್ದಾರೆ, ಅವರು ಅದಕ್ಕೆ ಹಣ ತೆಗೆದುಕೊಳ್ಳುತ್ತಾರೆ, ಅದರ ಹೆಸರು ಪುಟ್ ಆಪ್ಷನ್. ನೀವು ಮಾರಿದ್ದೂ ಅದನ್ನೇ ಅಲ್ವಾ. ನಿಮಗೆ ಬಂದ 1.00ರಲ್ಲಿ ಒಂದು ಭಾಗ ಈ ರಾತ್ರಿಯ ಜಿಗಿತವನ್ನು ಹೊರುವುದಕ್ಕೆ ಕೊಟ್ಟ ಕೂಲಿ. ಕೂಲಿ ಇಟ್ಟುಕೊಂಡು ಹೊರೆಯನ್ನು ಪುಕ್ಕಟೆ ಆರ್ಡರ್ ಒಂದರಿಂದ ಇಳಿಸಿಬಿಡಬಹುದು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಸ್ಪ್ರೆಡ್ ಮೇಲಿನ ಸ್ಟಾಪ್‌ಗೆ ಇನ್ನೊಂದು ಕಾಟವೂ ಇದೆ. ನಿಜವಾದ ಸುದ್ದಿ ಏನೂ ಇಲ್ಲದ ಬೆಳಿಗ್ಗೆಯೂ ಮೊದಲ ಒಂದೆರಡು ನಿಮಿಷ ಆಪ್ಷನ್ ಕೋಟ್‌ಗಳು ಅಗಲವಾಗಿರುತ್ತವೆ. ನಿಮ್ಮ ಬ್ರೋಕರ್ ಸ್ಟಾಪ್ ಅನ್ನು ಸ್ಪ್ರೆಡ್‌ನ ಆಸ್ಕ್ ಬೆಲೆ ನೋಡಿ ಎಬ್ಬಿಸುವುದಾದರೆ, ಷೇರು 100ರಲ್ಲೇ ಇದ್ದರೂ ಪರದೆಯ ಮೇಲೆ ಒಂದು ಕ್ಷಣ 2.00 ಕಂಡು ಆರ್ಡರ್ ಎದ್ದುಬಿಡಬಹುದು. ನೀವು ವಿನಾಕಾರಣ ಹೊರಬಿದ್ದಿರುತ್ತೀರಿ, ಅದೂ ಕೆಟ್ಟ ಬೆಲೆಗೆ. ಸ್ಟಾಪ್ ಯಾವುದನ್ನು ನೋಡಿ ಎದ್ದೇಳುತ್ತದೆ, ಕೊನೆಯ ವಹಿವಾಟಿನ ಬೆಲೆಯಾ, ಬಿಡ್-ಆಸ್ಕ್ ನಡುವಿನ ಬೆಲೆಯಾ, ಆಸ್ಕಾ, ಅಥವಾ ಷೇರಿನ ಬೆಲೆಯಾ ಅನ್ನುವುದನ್ನು ಬ್ರೋಕರ್ ಹತ್ತಿರ ಒಮ್ಮೆ ಕೇಳಿ ತಿಳಿದುಕೊಳ್ಳಿ. ಹಗಲಿನ ಮಟ್ಟಿಗೆ ಷೇರಿನ ಬೆಲೆಗೆ ಕಟ್ಟಿದ ಸ್ಟಾಪ್ ಈ ಸುಳ್ಳು ಟ್ರಿಗರ್‌ಗಳನ್ನು ತುಂಬಾ ಕಡಿಮೆ ಮಾಡುತ್ತದೆ. ರಾತ್ರಿಗೆ ಅದೂ ಅಷ್ಟೇ ನಿಷ್ಪ್ರಯೋಜಕ.

“ರಾತ್ರಿ ಷೇರು, ಫ್ಯೂಚರ್ಸ್ ಎಲ್ಲಾ ನಡೆಯುತ್ತಲ್ಲ, ಆಗಲೇ ಹೆಡ್ಜ್ ಮಾಡಿದರೆ?” ಅಂತ ನೀವು ಮುಂದೆ ಕೇಳಬಹುದು. ಸೂಚ್ಯಂಕದ ಆಪ್ಷನ್ ಆದರೆ, ಅದರ ಫ್ಯೂಚರ್ಸ್ ರಾತ್ರಿಯೂ ನಡೆಯುವ ಕಡೆ, ಇದಕ್ಕೆ ಸ್ವಲ್ಪ ಅರ್ಥ ಇದೆ. ಬೆಲೆ ಇಳಿಯಲು ಶುರುವಾದಾಗ ಸ್ವಲ್ಪ ಫ್ಯೂಚರ್ಸ್ ಮಾರಿ ಪೆಟ್ಟನ್ನು ತಗ್ಗಿಸಬಹುದು. ಆದರೆ ಬೆಳಗಾಗುವಷ್ಟರಲ್ಲಿ ಬೆಲೆ ವಾಪಸ್ ಏರಿದರೆ ಫ್ಯೂಚರ್ಸ್‌ನಲ್ಲೂ ನಷ್ಟ. ಅದಕ್ಕೆ ಮಿತಿ ಇಲ್ಲ, ನಿಮ್ಮ ಸ್ಪ್ರೆಡ್‌ಗೆ ಇತ್ತು. ಮಿತಿ ಇರುವ ಅಪಾಯವನ್ನು ಮಿತಿ ಇಲ್ಲದ್ದರಿಂದ ಹೆಡ್ಜ್ ಮಾಡಲು ಅನುಭವ ಬೇಕು. ಒಂದು ಕಂಪನಿಯ ಷೇರಾದರೆ ಇದೂ ಕಷ್ಟ. ಮುಚ್ಚಿದ ಮೇಲಿನ ವಹಿವಾಟು ಇರುವ ಕಡೆಯೂ ಸುದ್ದಿ ಬಂದ ಕೆಲವೇ ಸೆಕೆಂಡುಗಳಲ್ಲಿ ಬೆಲೆ ಹೊಸ ಜಾಗಕ್ಕೆ ಹೋಗಿ ಕೂತಿರುತ್ತದೆ. ನೀವು ಮೊಬೈಲ್ ತೆಗೆಯುವಷ್ಟರಲ್ಲಿ ಗ್ಯಾಪ್, ಅಂದರೆ ನಡುವಿನ ಬೆಲೆಗಳನ್ನು ಹಾರಿದ ಜಿಗಿತ, ಆಗಿಹೋಗಿದೆ.

ಇದು ಸಣ್ಣವರಿಗೆ ಮಾತ್ರ ಆಗುವ ಮೋಸ ಅಂತ ಅಂದುಕೊಳ್ಳಬೇಡಿ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ 22.6 ಪರ್ಸೆಂಟ್ ಬಿದ್ದಾಗ, ಅಮೆರಿಕದ ದೊಡ್ಡ ದೊಡ್ಡ ನಿಧಿಗಳು ಪೋರ್ಟ್‌ಫೋಲಿಯೋ ಇನ್ಶೂರೆನ್ಸ್ ಅನ್ನುವ ವ್ಯವಸ್ಥೆ ಇಟ್ಟುಕೊಂಡಿದ್ದವು. ಬೆಲೆ ಇಳಿದ ಹಾಗೆ ಫ್ಯೂಚರ್ಸ್ ಮಾರುತ್ತಾ ಹೋಗು, ಪುಟ್ ಕೊಳ್ಳದೆಯೇ ಪುಟ್‌ನ ರಕ್ಷಣೆ ಸಿಗುತ್ತದೆ ಅನ್ನುವುದು ಅದರ ಲೆಕ್ಕ. ಬಿಡಿಸಿ ನೋಡಿದರೆ ಅದು ಸೂತ್ರದ ವೇಷ ತೊಟ್ಟ ಸ್ಟಾಪ್ ಲಾಸ್. ಬೆಲೆ ಹಂತ ಹಂತವಾಗಿ ಇಳಿಯುತ್ತದೆ, ಪ್ರತಿ ಹಂತದಲ್ಲೂ ಕೊಳ್ಳುವವರು ಇರುತ್ತಾರೆ ಅನ್ನುವುದರ ಮೇಲೆ ನಿಂತಿತ್ತು, ಆ ದಿನ ಎರಡೂ ಸುಳ್ಳಾದವು. ಇನ್ನೊಂದು, 2015ರ ಜನವರಿ 15. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಅಂತ ಮೂರು ವರ್ಷಕ್ಕೂ ಹೆಚ್ಚು ಕಾಲ ಹೇಳುತ್ತಿದ್ದ ಸ್ವಿಸ್ ಕೇಂದ್ರ ಬ್ಯಾಂಕ್, ಯಾವ ಮುನ್ಸೂಚನೆಯೂ ಇಲ್ಲದೆ ಆ ಮಿತಿ ತೆಗೆದುಹಾಕಿತು. 1.20ರ ಸ್ವಲ್ಪ ಕೆಳಗೆ ಸ್ಟಾಪ್ ಇಟ್ಟಿದ್ದವರಿಗೆ ಅಲ್ಲೆಲ್ಲೂ ಕೊಳ್ಳುವವರು ಸಿಗಲಿಲ್ಲ. ಕೆಲವೇ ನಿಮಿಷಗಳಲ್ಲಿ ಬೆಲೆ 1ಕ್ಕಿಂತ ಕೆಳಗಿತ್ತು. ಅದು ರಾತ್ರಿ ಕೂಡ ಅಲ್ಲ, ಯುರೋಪಿನ ಹಾಡಹಗಲು, ಜಗತ್ತಿನ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು. ರಾತ್ರಿ ಒಂದು ಷೇರಿನ ಆಪ್ಷನ್ ಯಾವ ಲೆಕ್ಕ.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ಅದು ಆ ಬೆಳಿಗ್ಗೆ ಆದದ್ದಲ್ಲ, ಪೊಸಿಷನ್ ತೆಗೆದುಕೊಂಡ ದಿನ ಆದದ್ದು. ನಿಮ್ಮ ಖಾತೆಯಲ್ಲಿ 1,00,000 ಇದೆ, ಒಂದು ವಹಿವಾಟಿಗೆ 2 ಪರ್ಸೆಂಟ್, ಅಂದರೆ 2,000ಕ್ಕಿಂತ ಹೆಚ್ಚು ಕಳೆಯಬಾರದು ಅಂತ ನಿಯಮ ಇದೆ ಅಂದುಕೊಳ್ಳಿ. ಒಂದು ಲಾಟ್‌ಗೆ 100 ಷೇರು. ಸ್ಟಾಪ್ ನಂಬಿದವರು ಒಂದು ಸ್ಪ್ರೆಡ್‌ಗೆ ನಷ್ಟ 100 ಅಂತ ಲೆಕ್ಕ ಹಾಕಿ 20 ಸ್ಪ್ರೆಡ್ ಮಾರುತ್ತಾರೆ. ಗ್ಯಾಪ್ ಆದ ದಿನ ಗರಿಷ್ಠ ನಷ್ಟವೇ ಆದರೆ 8,000 ಹೋಗುತ್ತದೆ, ಖಾತೆಯ 8 ಪರ್ಸೆಂಟ್. ನಿಮ್ಮ ಹಾಗೆ 6.00ಕ್ಕೆ ಫಿಲ್ ಆದರೆ 10,000. ಸ್ಟಾಪ್ ಇಲ್ಲ ಅಂದುಕೊಂಡೇ ಲೆಕ್ಕ ಹಾಕಿದವರು ಒಂದಕ್ಕೆ 400 ಹಿಡಿದು 5 ಸ್ಪ್ರೆಡ್ ಮಾರಿರುತ್ತಾರೆ, ಅದೇ ದಿನ ಅವರ ನಷ್ಟ ಹೆಚ್ಚೆಂದರೆ 2,000, ಮೊದಲೇ ಒಪ್ಪಿಕೊಂಡ ಮೊತ್ತ. ಅದೇ ಷೇರು, ಅದೇ ಸ್ಪ್ರೆಡ್, ಅದೇ ಸುದ್ದಿ. ಸ್ಟಾಪ್ ನಿಮಗೆ ಮಾಡಿದ ದೊಡ್ಡ ಹಾನಿ ಅಂದರೆ 5ರ ಜಾಗದಲ್ಲಿ 20 ಮಾರುವ ಧೈರ್ಯ ಕೊಟ್ಟದ್ದು.

ಇದೇ ಲೆಕ್ಕವನ್ನು ಐದಾರು ಬೇರೆ ಬೇರೆ ಷೇರುಗಳಲ್ಲಿ ಮಾಡಿ “ಹಂಚಿದ್ದೇನೆ, ಪರವಾಗಿಲ್ಲ” ಅನ್ನುವವರೂ ಇದ್ದಾರೆ. ಒಂದೇ ಕಂಪನಿಯ ಸುದ್ದಿಯಾದರೆ ಹಂಚಿದ್ದು ಉಪಯೋಗಕ್ಕೆ ಬರುತ್ತದೆ. ಯುದ್ಧ, ಬ್ಯಾಂಕ್ ಕುಸಿತದಂಥ ಸುದ್ದಿಯಾದರೆ ಎಲ್ಲಾ ಷೇರುಗಳೂ ಒಟ್ಟಿಗೇ ಕೆಳಗೆ ತೆರೆಯುತ್ತವೆ, ಆಗ ನಿಮ್ಮದು ಐದಾರು ಪೊಸಿಷನ್ ಅಲ್ಲ, ಒಂದೇ ದೊಡ್ಡ ಪೊಸಿಷನ್. ಹಾಗಾಗಿ ಒಂದೊಂದರ ಗರಿಷ್ಠ ನಷ್ಟದ ಜೊತೆಗೆ, ಎಲ್ಲವನ್ನೂ ಕೂಡಿಸಿದ ಗರಿಷ್ಠ ನಷ್ಟವನ್ನೂ ಒಂದು ಚೀಟಿಯಲ್ಲಿ ಬರೆದು ನೋಡಿ. ಆ ಅಂಕಿ ನೋಡಿ ಹೊಟ್ಟೆ ತೊಳಸಿದರೆ ಅರ್ಧ ಮುಚ್ಚಿ.

ಇನ್ನೊಂದು ದಾರಿ ಇದೆ, ನನಗೆ ಇಷ್ಟವಾದದ್ದು. ನಿಮಗೆ ನಿಜವಾಗಿ ಬೇಕಾದದ್ದು 1ರಿಂದ 1.50ರ ಆಸುಪಾಸಿನ ನಷ್ಟ ಆದರೆ, ಅದನ್ನು ಆರ್ಡರ್‌ನಲ್ಲಿ ಇಡಬೇಡಿ, ಸ್ಪ್ರೆಡ್‌ನ ಒಳಗೇ ಇಡಿ. 95ರ ಪುಟ್ ಮಾರಿ 90ರ ಬದಲು 93ರದ್ದನ್ನು ಕೊಳ್ಳಿ. ಶುರುವಿನ ದಿನ 93ರ ಪುಟ್ ಸುಮಾರು 0.95 ಇದ್ದಿದ್ದರೆ, ಕೈಗೆ ಬರುವುದು 0.50, ಗರಿಷ್ಠ ನಷ್ಟ 1.50. ಬರುವುದು ಅರ್ಧ ಆಯಿತು ಅಂತ ಬೇಜಾರಾಗುತ್ತದೆ, ಗೊತ್ತು. ಆದರೆ ಷೇರು 84ಕ್ಕೆ ತೆರೆಯಲಿ, 60ಕ್ಕೆ ತೆರೆಯಲಿ, ಎರಡನ್ನೂ ಹಿಡಿದುಕೊಂಡಿದ್ದರೆ ಆ 1.50 ದಾಟುವುದಿಲ್ಲ. 93ರ ಪುಟ್ ಒಂದು ಸ್ಟಾಪ್, ವ್ಯತ್ಯಾಸ ಏನೆಂದರೆ ಅದಕ್ಕೆ ಎದುರಿನವರು ಆಗಲೇ ಒಪ್ಪಿ ಹಣ ತೆಗೆದುಕೊಂಡಿದ್ದಾರೆ, ರಾತ್ರಿ ಮಾರುಕಟ್ಟೆ ಮುಚ್ಚಿದ್ದರೂ ಅದು ಕೆಲಸದಲ್ಲಿರುತ್ತದೆ. ಇಕ್ಕಟ್ಟಾದ ಸ್ಪ್ರೆಡ್‌ಗೂ ತೊಂದರೆಗಳಿವೆ: ಬ್ರೋಕರೇಜ್‌ನ ಪಾಲು ಹೆಚ್ಚಾಗುತ್ತದೆ, ಬಿಡ್-ಆಸ್ಕ್ ಅಂತರ ಬಂದ 0.50ರಲ್ಲಿ ದೊಡ್ಡ ತುಂಡನ್ನೇ ನುಂಗಬಹುದು. ಮತ್ತೆ ದಯವಿಟ್ಟು, ನಷ್ಟ ಕಡಿಮೆ ಅಂತ ಲಾಟ್ ಮೂರು ಪಟ್ಟು ಮಾಡಬೇಡಿ, ಮಾಡಿದರೆ ಮೊದಲಿದ್ದ ಜಾಗಕ್ಕೇ ಬಂದಿರಿ.

ಹಾಗಾದರೆ ಸ್ಟಾಪ್ ಬೇಡವೇ ಬೇಡವಾ? ಹಗಲಲ್ಲಿ ಷೇರು ನಿಧಾನಕ್ಕೆ ಜಾರುತ್ತಾ 95ಕ್ಕೆ ಬರುವ ದಿನಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಇಟ್ಟುಕೊಳ್ಳಿ. ನಾನು ಹಗಲಲ್ಲಿ ಷೇರಿನ ಬೆಲೆಗೆ ಅಲರ್ಟ್ ಇಟ್ಟು, ಅದು ಬಡಿದಾಗ ಕೈಯಿಂದ ಲಿಮಿಟ್ ಆರ್ಡರ್ ಹಾಕುತ್ತೇನೆ. ಸಾಯಂಕಾಲ ಮುಚ್ಚುವ ಮೊದಲು, ಮಾರ್ಕೆಟ್ ಆರ್ಡರ್ ಆಗಿ ಬದಲಾಗುವ ಯಾವ ಸ್ಟಾಪ್ ಕೂಡ ರಾತ್ರಿ ಉಳಿದಿಲ್ಲ ಅಂತ ನೋಡಿಕೊಳ್ಳುತ್ತೇನೆ.

ಗ್ಯಾಪ್ ಆದ ಬೆಳಿಗ್ಗೆ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲ ಕೆಲಸ, ಉಳಿದಿರುವ ಸ್ಟಾಪ್‌ಗಳನ್ನು ತೆರೆಯುವ ಮೊದಲೇ ರದ್ದು ಮಾಡುವುದು. ಆಮೇಲೆ ನಿಮ್ಮ ಖರೀದಿಯ 90ರ ಪುಟ್ ಅನ್ನು ಯಾವ ಕಾರಣಕ್ಕೂ ಒಂಟಿಯಾಗಿ ಮಾರಬೇಡಿ, ಅದರಲ್ಲಿ ಕಾಣುವ ದೊಡ್ಡ ಲಾಭ ಆಸೆ ಹುಟ್ಟಿಸುತ್ತದೆ, ಆದರೆ ನಿಮ್ಮ ನೆಲ ಅದೇ. ಮೊದಲ ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ. ನಮ್ಮ ಲೆಕ್ಕದಲ್ಲಿ, ಷೇರು 84ರ ಸುತ್ತಲೇ ನಿಂತರೆ, ಆ ಹೊತ್ತಿಗೆ 95ರ ಪುಟ್ ಬಿಡ್ 11.60, ಆಸ್ಕ್ 12.00, 90ರ ಪುಟ್ ಬಿಡ್ 7.55, ಆಸ್ಕ್ 7.95 ಹೀಗೆ ಕೋಟ್ ಇಕ್ಕಟ್ಟಾಗಿರುತ್ತದೆ. ಎರಡೂ ಲೆಗ್ ಸೇರಿಸಿ ಒಂದೇ ಸ್ಪ್ರೆಡ್ ಆರ್ಡರ್ ಆಗಿ, 4.05ಕ್ಕೆ ಲಿಮಿಟ್ ಹಾಕಿ, ಸಿಗದಿದ್ದರೆ 5 ಪೈಸೆ ಏರಿಸುತ್ತಾ ಹೋಗಿ. 4.15ಕ್ಕೆ ಸಿಕ್ಕರೆ ನಷ್ಟ 3.15. ಲಿಮಿಟ್ 4.80ರ ಹತ್ತಿರ ಬಂದರೂ ಸಿಗುತ್ತಿಲ್ಲ ಅಂದರೆ ಬಿಟ್ಟುಬಿಡಿ. ಅಲ್ಲಿಂದ ಮುಂದೆ ಇನ್ನು ಕಳೆಯುವುದು 0.20 ಮಾತ್ರ, ಷೇರು ಚೇತರಿಸಿಕೊಂಡರೆ ಸಿಗುವುದು ಅದಕ್ಕಿಂತ ಎಷ್ಟೋ ಹೆಚ್ಚು.

ಎಕ್ಸ್‌ಪೈರಿಗೆ ಮೊದಲೇ ಎಕ್ಸರ್ಸೈಸ್ ಮಾಡಲು, ಅಂದರೆ ಹಕ್ಕನ್ನು ಬಳಸಲು, ಅವಕಾಶ ಇರುವ ಆಪ್ಷನ್ ಆದರೆ, 95ರ ಪುಟ್ ಕೊಂಡವರು ಷೇರನ್ನು ನಿಮ್ಮ ತಲೆಗೆ ಕಟ್ಟಬಹುದು. ಬೆಳಿಗ್ಗೆ ಖಾತೆಯಲ್ಲಿ ಷೇರು ಬಂದು ಕೂತಿರುತ್ತದೆ, ಮಾರ್ಜಿನ್ ಕಡಿಮೆ ಅಂತ ಸಂದೇಶ ಬಂದಿರುತ್ತದೆ. 90ರ ಪುಟ್ ನಿಮ್ಮ ಹತ್ತಿರ ಇರುವವರೆಗೆ ನಷ್ಟದ ಮಿತಿ ಆಗಲೂ 4.00. ಬ್ರೋಕರ್ ಬಲವಂತವಾಗಿ ಮುಚ್ಚುವ ಮೊದಲು ಅವರೊಡನೆ ಮಾತಾಡಿ, ಷೇರು ಮತ್ತು ಪುಟ್ ಎರಡನ್ನೂ ಒಟ್ಟಿಗೆ ತೀರಿಸಿಕೊಳ್ಳಿ.

ಕೆಟ್ಟ ಬೆಲೆಗೆ ಮುಚ್ಚದೆ ಕೊನೆಯವರೆಗೆ ಹಿಡಿದುಕೊಂಡಿದ್ದರೂ ಆ 4ರ ಮಿತಿ ಮುರಿಯುವ ಸನ್ನಿವೇಶ ಒಂದಿದೆ, ಎಕ್ಸ್‌ಪೈರಿಯ ಸಾಯಂಕಾಲ. ಅಮೆರಿಕದ ಷೇರು ಆಪ್ಷನ್‌ಗಳ ಹಾಗೆ, ಮಾರುಕಟ್ಟೆ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಎಕ್ಸರ್ಸೈಸ್ ಮಾಡಲು ಅವಕಾಶ ಇರುವ ಕಡೆ ಇದು ಆಗುತ್ತದೆ. ಷೇರು 96ಕ್ಕೆ ಮುಚ್ಚಿತು, ಎರಡೂ ಪುಟ್ ಸೊನ್ನೆ, ಗೆದ್ದೆ ಅಂತ ನೀವು ಎದ್ದು ಹೋಗುತ್ತೀರಿ. ಅರ್ಧ ಗಂಟೆಯಲ್ಲಿ ಸುದ್ದಿ ಬಂದು ಷೇರು ಮುಚ್ಚಿದ ಮೇಲಿನ ವಹಿವಾಟಿನಲ್ಲಿ 85 ಆಗುತ್ತದೆ. 95ರ ಪುಟ್ ಇದ್ದವರು ಎಕ್ಸರ್ಸೈಸ್ ಮಾಡುತ್ತಾರೆ, ನಿಮ್ಮ 90ರ ಪುಟ್ ಅನ್ನು ಎಕ್ಸರ್ಸೈಸ್ ಮಾಡುವಂತೆ ನೀವು ಆ ಹೊತ್ತಿನೊಳಗೆ ಬ್ರೋಕರ್‌ಗೆ ಹೇಳದಿದ್ದರೆ ಅದು ಸತ್ತುಹೋಗುತ್ತದೆ. ಮುಂದಿನ ದಿನ ನಿಮ್ಮ ಕೈಯಲ್ಲಿ 95ಕ್ಕೆ ಕೊಂಡ ಷೇರು, ಕೆಳಗೆ ನೆಲವೇ ಇಲ್ಲ. ಅದಕ್ಕೆ ಮಾರಿದ ಸ್ಟ್ರೈಕ್‌ನ ಹತ್ತಿರ ಷೇರು ಇರುವ ಎಕ್ಸ್‌ಪೈರಿ ದಿನ, 5 ಪೈಸೆಯೋ 10 ಪೈಸೆಯೋ ಕೊಟ್ಟು ಮಾರಿದ ಪುಟ್ ಅನ್ನು ಮುಚ್ಚುವ ಮೊದಲೇ ವಾಪಸ್ ಕೊಂಡುಬಿಡಿ.